ನರೆಯನ್ನು ಮುಚ್ಚಬೇಡಿ, ಬೆರೆಸಿಕೊಳ್ಳಿ

ಕಿವಿಯ ಮೇಲ್ಭಾಗದಲ್ಲಿ ನಾಲ್ಕು ಬಿಳಿ ಕೂದಲು ಕಂಡ ಕೂಡಲೇ ಹಲವರು ಕಪ್ಪು ಡೈ ತಂದು ತಲೆಗೆಲ್ಲ ಹಚ್ಚಿಬಿಡುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಮೂರನೆಯ ವಾರಕ್ಕೆ ಬುಡದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ಮತ್ತೆ ಡೈ ಹಚ್ಚಲೇಬೇಕಾಗುತ್ತದೆ. ನರೆ ಕಡಿಮೆಯಿದ್ದು ಕೂದಲು ಗಿಡ್ಡವಾಗಿದ್ದರೆ ಈ ಸುತ್ತಿಗೆ ಬೀಳುವ ಅಗತ್ಯವೇ ಇಲ್ಲ.

ಯುನಾನಿಯಲ್ಲಿ ಹಿನಾ ಎಂದರೆ ನಮ್ಮ ಮದರಂಗಿ, ವಸ್ಮಾ ಎಂದರೆ ನೀಲಿ ಗಿಡದ ಎಲೆಯ ಪುಡಿ. ಇವೆರಡೂ ಕಪ್ಪು ಕೂದಲಿನ ಬಣ್ಣವನ್ನು ತಿಳಿಗೊಳಿಸುವುದಿಲ್ಲ. ಬಿಳಿ ಕೂದಲಷ್ಟೇ ಕಂದಾಗಿ ಕಪ್ಪಿನ ನಡುವೆ ಬೆರೆತುಹೋಗುತ್ತದೆ.

ಕಟ್ಟಾಯದ ಕಡೆಯ, ನಲವತ್ತೈದು ವರ್ಷದ ಒಬ್ಬ ಚಾಲಕರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರ ಕೂದಲು ಎರಡು ಸೆಂಟಿಮೀಟರ್ ಉದ್ದ, ನರೆ ಕಿವಿಯ ಅಕ್ಕಪಕ್ಕದಲ್ಲಿ ಮಾತ್ರ. ಅವರಿಗೆ 20 ಗ್ರಾಂ ಮದರಂಗಿ, 20 ಗ್ರಾಂ ವಸ್ಮಾ ಸಾಕು. ಮದರಂಗಿಯನ್ನು ಬೆಚ್ಚಗಿನ ನೀರಿನಲ್ಲಿ ಮೊಸರಿನಷ್ಟು ಗಟ್ಟಿಯಾಗಿ ಕಲಸಿ ನಾಲ್ಕೈದು ಗಂಟೆ ಮುಚ್ಚಿಡಬೇಕು. ವಸ್ಮಾವನ್ನು ಹಚ್ಚುವ ಕಾಲು ಗಂಟೆ ಮೊದಲಷ್ಟೇ ನೀರಿಗೆ ಹಾಕಬೇಕು, ಮೊದಲೇ ಕಲಸಿಟ್ಟರೆ ಬಣ್ಣ ಹಿಡಿಯುವ ಶಕ್ತಿ ಕುಂದುತ್ತದೆ. ಎಣ್ಣೆಯಿಲ್ಲದಂತೆ ತಲೆ ತೊಳೆದು, ಎರಡನ್ನೂ ಬೆರೆಸಿ, ನರೆಯಿರುವ ಕಡೆಗೆ ಮಾತ್ರ ಹಳೆಯ ಟೂತ್‌ಬ್ರಷ್‌ನಿಂದ ಹಚ್ಚಿ. ಒಂದೆರಡು ಗಂಟೆ ಬಿಟ್ಟು ಬರಿ ನೀರಿನಲ್ಲಿ ತೊಳೆಯಿರಿ, ಎರಡು ದಿನ ಶಾಂಪೂ ಬೇಡ.

ತೊಳೆದ ಕೂಡಲೇ ಬಣ್ಣ ಹಸಿರು ಇಲ್ಲವೆ ಕಿತ್ತಳೆಯಂತೆ ಕಂಡರೆ ಗಾಬರಿಯಾಗಬೇಡಿ. ಗಾಳಿ ತಾಗಿ ಒಂದೆರಡು ದಿನದಲ್ಲಿ ಕಂದಿಗೆ ತಿರುಗುತ್ತದೆ. ಆಮೇಲೂ ಕೆಂಪೇ ಹೆಚ್ಚಿದ್ದರೆ ಮುಂದಿನ ಸಲ ವಸ್ಮಾವನ್ನು ಸ್ವಲ್ಪ ಹೆಚ್ಚಿಸಿ.

ಮದರಂಗಿಯ ಬಣ್ಣ ತೊಳೆದರೆ ಪೂರ್ತಿ ಹೋಗುವಂಥದ್ದಲ್ಲ. ಆದರೆ ಗಿಡ್ಡ ಕೂದಲಿನಲ್ಲಿ ಎರಡು ಮೂರು ಕಟಿಂಗ್‌ಗೆ ಬಣ್ಣದ ತುದಿಯೆಲ್ಲ ಕತ್ತರಿಗೆ ಸಿಕ್ಕಿಹೋಗುತ್ತದೆ. ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಕೂದಲಿನ ಮೇಲೆ ಪದರವೂ ಕಟ್ಟದಿರುವುದರಿಂದ ವುಝೂ, ಗುಸ್ಲ್‌ಗೆ ನೀರು ತಲುಪಲು ಅಡ್ಡಿಯಿಲ್ಲ. ಅರ್ಧಕ್ಕಿಂತ ಹೆಚ್ಚು ನರೆತಿರುವವರಿಗೆ ಮಾತ್ರ ಈ ವಿಧಾನ ಒಪ್ಪುವುದಿಲ್ಲ, ತಲೆಯೆಲ್ಲ ಕಂದಾಗಿ ಕಾಣುತ್ತದೆ.

ಒಂದು ಎಚ್ಚರಿಕೆ. ‘ಕಪ್ಪು ಮೆಹಂದಿ’ ಎಂದು ಮಾರುವ, ಹತ್ತು ನಿಮಿಷದಲ್ಲಿ ಕಪ್ಪಾಗಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಹೆಸರಿಗೆ ಮೆಹಂದಿಯಾದರೂ ಕೆಲಸ ಡೈನದು. ಪೊಟ್ಟಣದ ಹಿಂಬದಿ ಓದಿ ಕೊಳ್ಳಿ. ಯಾವುದನ್ನೇ ಆಗಲಿ, ಮೊದಲು ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿ. ತುರಿಕೆ, ಕೆಂಪು, ಗುಳ್ಳೆ ಕಂಡರೆ ತಲೆಗೆ ಹಚ್ಚಲೇಬೇಡಿ. ಹಚ್ಚಿದ ಮೇಲೆ ಮುಖ, ಕಣ್ಣು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.