ಕದಡಿದ್ದು ಎಷ್ಟು, ಕಳೆದದ್ದು ಎಷ್ಟು

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ರಸ್ತೆ ಬದಿಯ ಕ್ಯಾಮೆರಾದ ಶಟರ್ ಸೆಕೆಂಡಿನ 250ರಲ್ಲಿ ಒಂದು ಪಾಲು ಹೊತ್ತು ತೆರೆದಿತ್ತು ಅನ್ನೋಣ. ಅಷ್ಟರಲ್ಲೇ ಲಾರಿ 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅದರ ಬದಿಯಲ್ಲಿ ಬಣ್ಣದಲ್ಲಿ ಬರೆದ ನೋಂದಣಿ ಸಂಖ್ಯೆ ಅರ್ಧ ಮೀಟರ್ ಅಗಲವಿದ್ದು, ಚಿತ್ರದಲ್ಲಿ 100 ಪಿಕ್ಸೆಲ್ ಆಕ್ರಮಿಸಿದ್ದರೆ, ಒಂದು ಪಿಕ್ಸೆಲ್ ಎಂದರೆ ಅರ್ಧ ಸೆಂಟಿಮೀಟರ್. ಅಂದರೆ ಅಕ್ಷರಗಳು 8 ಪಿಕ್ಸೆಲ್‌ನಷ್ಟು ಅಡ್ಡಕ್ಕೆ ಎಳೆದುಹೋಗಿವೆ. ಕಣ್ಣಿಗೆ ಕಾಣುವುದು ಒಂದು ಬೂದು ಪಟ್ಟಿ.

ಈ ಮಸುಕು ಹೇಗಾಯಿತು ಎಂಬುದು ನಮಗೆ ಸರಿಸುಮಾರು ಗೊತ್ತು: ಅಡ್ಡ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ, 8 ಪಿಕ್ಸೆಲ್. ಹಾಗಿದ್ದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ ಅಕ್ಷರಗಳನ್ನು ಮರಳಿ ಪಡೆಯಬಹುದಲ್ಲ? ಬಹುದು, ಒಂದು ಹಂತದವರೆಗೆ. ಆ ಕೆಲಸಕ್ಕೆ ಡೀಕನ್ವಲ್ಯೂಶನ್ ಎಂದು ಹೆಸರು.

ಮಸುಕಾದ ಚಿತ್ರದ ಪ್ರತಿ ಪಿಕ್ಸೆಲ್ಲೂ ಮೂಲದ ಅಕ್ಕಪಕ್ಕದ 8 ಪಿಕ್ಸೆಲ್‌ಗಳ ಸರಾಸರಿ. ಒಬ್ಬ ಬ್ಯಾಟ್ಸ್‌ಮನ್‌ನ ಪ್ರತಿ ಇನ್ನಿಂಗ್ಸಿನ ರನ್ ಹೇಳದೆ, ಕೊನೆಯ 8 ಇನ್ನಿಂಗ್ಸಿನ ಸರಾಸರಿಯನ್ನು ಮಾತ್ರ ಪ್ರತಿ ಸಲ ಪ್ರಕಟಿಸಿದ ಹಾಗೆ. ಹೊಸ ಇನ್ನಿಂಗ್ಸ್ ಸೇರಿದಾಗ ಸರಾಸರಿ ಬದಲಾದರೆ ಅದಕ್ಕೆ ಕಾರಣ ಎರಡೇ: ಒಳಗೆ ಬಂದ ಹೊಸ ಮೊತ್ತ, ಹೊರಗೆ ಹೋದ ಹಳೆಯ ಮೊತ್ತ. ಮೊದಲ ಎಂಟು ಗೊತ್ತಿದ್ದರೆ ಉಳಿದವನ್ನೆಲ್ಲ ಒಂದೊಂದಾಗಿ ಬಿಡಿಸಬಹುದು. ನಮ್ಮ ಚಿತ್ರದಲ್ಲಿ ಬರಹ ಶುರುವಾಗುವ ಮುಂಚಿನ ಲಾರಿಯ ಖಾಲಿ ಬಣ್ಣವೇ ಆ ಮೊದಲ ಎಂಟು. ಮೂಲವನ್ನು x, ಮಸುಕನ್ನು b ಎಂದರೆ ಸೂತ್ರ ಇಷ್ಟು:

x[i+8] = x[i] + 8 × (b[i+1] − b[i])

ಕಾಗದದ ಮೇಲೆ ಇದರಲ್ಲಿ ಯಾವ ದೋಷವೂ ಇಲ್ಲ. ನಿಜವಾದ ಫೋಟೊಕ್ಕೆ ಹಚ್ಚಿದಾಗ ಮಾತ್ರ ಎಡವುತ್ತದೆ. ಏಕೆಂದರೆ ಯಾವ ಸೆನ್ಸರೂ ಬೆಳಕನ್ನು ಕರಾರುವಾಕ್ಕಾಗಿ ಅಳೆಯುವುದಿಲ್ಲ. 0ಯಿಂದ 255ರವರೆಗಿನ ಬೂದು ಮಟ್ಟದಲ್ಲಿ ಒಂದೇ ಮಟ್ಟದಷ್ಟು ಗದ್ದಲವಿದೆ ಎಂದಿಟ್ಟುಕೊಳ್ಳಿ, ಒಳ್ಳೆಯ ಕ್ಯಾಮೆರಾ ಎನ್ನಬೇಕು. ಎರಡು ಅಳತೆಗಳ ವ್ಯತ್ಯಾಸ ತೆಗೆದಾಗ ಆ ಗದ್ದಲ 1.4 ಪಟ್ಟಾಗುತ್ತದೆ, 8ರಿಂದ ಗುಣಿಸಿದಾಗ 11 ದಾಟುತ್ತದೆ. ಮೇಲಾಗಿ ಪ್ರತಿ ಉತ್ತರವೂ ಎಂಟು ಪಿಕ್ಸೆಲ್ ಹಿಂದಿನ ಉತ್ತರದ ಮೇಲೆ ನಿಂತಿರುವುದರಿಂದ ತಪ್ಪು ಕೂಡುತ್ತಲೇ ಹೋಗುತ್ತದೆ. 100 ಪಿಕ್ಸೆಲ್ ದಾಟಲು ಹನ್ನೆರಡು ಜಿಗಿತ ಬೇಕು, ಅಷ್ಟು ಹೊತ್ತಿಗೆ ತಪ್ಪು ಸುಮಾರು 39 ಮಟ್ಟ. ಗದ್ದಲವೇ ಇಲ್ಲದೆ, ಬೆಳಕಿನ ಅಳತೆಯನ್ನು ಪೂರ್ಣಾಂಕಕ್ಕೆ ದುಂಡಾಗಿಸಿದ್ದರಿಂದ ಮಾತ್ರ ಬರುವ ತಪ್ಪೇ ಸುಮಾರು 11 ಮಟ್ಟ.

ಈ ತಪ್ಪಿಗೂ ಒಂದು ಆಕಾರವಿದೆ. ಎಂಟು ಪಿಕ್ಸೆಲ್‌ಗೊಮ್ಮೆ ಅದೇ ತಪ್ಪು ಮರುಕಳಿಸುವುದರಿಂದ ಚಿತ್ರದ ತುಂಬ ಸಮಾನ ಅಂತರದ ಉದ್ದ ಪಟ್ಟೆಗಳು ಏಳುತ್ತವೆ. ಅವು ಅಲ್ಲೇ ಏಕೆ ಏಳುತ್ತವೆ ಎಂದು ಕೇಳಿದರೆ ವಿಷಯದ ತಿರುಳಿಗೆ ಬಂದಂತೆ.

ಯಾವುದೇ ಚಿತ್ರವನ್ನು ಬೇರೆ ಬೇರೆ ಅಗಲದ ಕಪ್ಪು ಬಿಳುಪು ಅಲೆಗಳ ಮೊತ್ತವೆಂದು ನೋಡಬಹುದು. ಫೂರಿಯೆ ಕೊಟ್ಟ ದೃಷ್ಟಿ ಇದು. 8 ಪಿಕ್ಸೆಲ್ ಸರಾಸರಿ ಒಂದೊಂದು ಅಲೆಯನ್ನು ಒಂದೊಂದು ಪ್ರಮಾಣದಲ್ಲಿ ಕುಗ್ಗಿಸುತ್ತದೆ. ಅಗಲವಾದ ಅಲೆಗಳು ಹೆಚ್ಚುಕಮ್ಮಿ ಹಾಗೇ ಉಳಿಯುತ್ತವೆ. ಸರಿಯಾಗಿ 8 ಪಿಕ್ಸೆಲ್‌ಗೆ ಒಂದು ಸುತ್ತು ಮುಗಿಸುವ ಅಲೆಯಲ್ಲಿ ಏರೂ ಇಳಿತವೂ ಸರಾಸರಿಯಲ್ಲಿ ಹೊಡೆದುಕೊಂಡು ಸೊನ್ನೆಯಾಗುತ್ತವೆ. 4 ಪಿಕ್ಸೆಲ್ ಅಲೆಗೂ ಅದೇ ಗತಿ, 2ಕ್ಕೂ ಅದೇ. ಇವುಗಳ ನಡುವೆ ಇರುವ 5.3 ಪಿಕ್ಸೆಲ್ ಅಲೆ ಶೇಕಡಾ 22ರಷ್ಟು ಉಳಿಯುತ್ತದೆ, ಆದರೆ ಕಪ್ಪಿದ್ದಲ್ಲಿ ಬಿಳುಪಾಗಿ, ತಲೆಕೆಳಗಾಗಿ. ಈ ಕೊನೆಯದನ್ನು ಸರಿಪಡಿಸಬಹುದು: ತಿರುಗಿಸಿ, ನಾಲ್ಕೂವರೆ ಪಟ್ಟು ಹಿಗ್ಗಿಸಿದರಾಯಿತು, ಗದ್ದಲವೂ ಅಷ್ಟು ಹಿಗ್ಗುತ್ತದೆ ಅಷ್ಟೇ. ಸೊನ್ನೆಯಾದದ್ದನ್ನು ಮಾತ್ರ ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆ ಅಲೆಗಳ ಸುದ್ದಿ ಶಟರ್ ಮುಚ್ಚುವ ಹೊತ್ತಿಗೇ ಹೋಗಿಬಿಟ್ಟಿದೆ. ಸೂತ್ರ ಕುರುಡಾಗಿ ಹಿಗ್ಗಿಸಿದ್ದು ಅಲ್ಲಿದ್ದ ಗದ್ದಲವನ್ನು. ಪಟ್ಟೆಗಳು ಅದರದೇ ಚಿತ್ರ.

ನಮ್ಮ ಲಾರಿಯ ಅಕ್ಷರಗಳ ಗೆರೆ 1 ಸೆಂಟಿಮೀಟರ್ ದಪ್ಪ, ಗೆರೆಗಳ ನಡುವೆ ಅಷ್ಟೇ ಜಾಗ ಎಂದಾದರೆ, ಆ ವಿನ್ಯಾಸ 4 ಪಿಕ್ಸೆಲ್‌ಗೊಮ್ಮೆ ಮರುಕಳಿಸುತ್ತದೆ. ಅಂದರೆ ಓದಲು ಬೇಕಾದ ಅಲೆಯೇ ಸೊನ್ನೆಯ ಮೇಲೆ ಕೂತಿದೆ. ಇಂಥ ದುರದೃಷ್ಟ ಅಪರೂಪವೇನಲ್ಲ.

ಹಾಗಾಗಿ ಬಳಕೆಯಲ್ಲಿರುವ ವಿಧಾನಗಳು ಎಲ್ಲವನ್ನೂ ಮರಳಿ ತರುವ ಹಟ ಬಿಟ್ಟಿವೆ. ನಾರ್ಬರ್ಟ್ ವೀನರ್ 1940ರ ದಶಕದಲ್ಲಿ ರೂಪಿಸಿದ ಸೋಸುವ ತತ್ವ ಹೀಗೆ: ಯಾವ ಅಲೆಯಲ್ಲಿ ಚಿತ್ರದ ಪಾಲು ಗದ್ದಲಕ್ಕಿಂತ ಹೆಚ್ಚಿದೆಯೋ ಅದನ್ನು ಹಿಗ್ಗಿಸು, ಎಲ್ಲಿ ಗದ್ದಲವೇ ಮೇಲಾಗಿದೆಯೋ ಅದನ್ನು ತಗ್ಗಿಸು. ಬಳಸುವವರ ಕೈಯಲ್ಲಿ ಇರುವುದು ಒಂದೇ ಸಂಖ್ಯೆ, ಗದ್ದಲಕ್ಕೂ ಚಿತ್ರಕ್ಕೂ ಇರುವ ಅನುಪಾತ. ಅದನ್ನು ತೀರಾ ಚಿಕ್ಕದಾಗಿಟ್ಟರೆ ಪಟ್ಟೆಗಳು, ದೊಡ್ಡದಾಗಿಟ್ಟರೆ ಮತ್ತೆ ಮಸುಕು.

ಇನ್ನೊಂದು ದಾರಿಯನ್ನು ರಿಚರ್ಡ್‌ಸನ್ 1972ರಲ್ಲೂ ಖಗೋಳ ವಿಜ್ಞಾನಿ ಲಿಯಾನ್ ಲೂಸಿ 1974ರಲ್ಲೂ ಬೇರೆ ಬೇರೆಯಾಗಿ ಕಂಡುಕೊಂಡರು. ಒಂದು ಊಹೆಯ ಚಿತ್ರ ಇಟ್ಟುಕೊಳ್ಳುವುದು, ಅದನ್ನು ಗೊತ್ತಿರುವ ಮಸುಕಿನಿಂದ ಮಸುಕಾಗಿಸುವುದು, ನಿಜವಾದ ಫೋಟೊದೊಂದಿಗೆ ಹೋಲಿಸಿ ಕಡಿಮೆ ಬಿದ್ದಲ್ಲಿ ಏರಿಸುವುದು, ಹೆಚ್ಚಾದಲ್ಲಿ ಇಳಿಸುವುದು. ತಿದ್ದುಪಡಿ ಗುಣಾಕಾರದ್ದಾದ ಕಾರಣ ಬೆಳಕು ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಸೂತ್ರಕ್ಕೆ ಗೊತ್ತಿಲ್ಲದ ಈ ಸಣ್ಣ ಸತ್ಯ ಬಹಳ ನೆರವಾಗುತ್ತದೆ. ಪೈಥಾನ್‌ನಲ್ಲಿ ಇಡೀ ಕೆಲಸ ಎರಡು ಸಾಲು:

```
psf = np.ones((1, 8)) / 8
out = restoration.richardson_lucy(img, psf, num_iter=20, clip=False)
```

ಸುತ್ತುಗಳು ಹೆಚ್ಚಿದಷ್ಟೂ ಚಿತ್ರ ಚೂಪಾಗುತ್ತದೆ, ಆಮೇಲೆ ಗದ್ದಲವನ್ನೇ ವಿವರವೆಂದು ಕೆತ್ತತೊಡಗುತ್ತದೆ. ಸಾಕು ಎನ್ನುವುದು ಯಾವಾಗ ಎಂಬುದನ್ನು ಕಣ್ಣೇ ಹೇಳಬೇಕು.

ಈ ವಿಧಾನ ಹೆಸರು ಮಾಡಿದ್ದು ಹಬಲ್ ದೂರದರ್ಶಕದಿಂದ. 1990ರಲ್ಲಿ ಕಕ್ಷೆಗೆ ಹೋದ ಮೇಲೆ ಅದರ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿದೆ ಎಂದು ತಿಳಿಯಿತು. ಪ್ರತಿ ನಕ್ಷತ್ರದ ಸುತ್ತ ಬೆಳಕಿನ ಪ್ರಭಾವಳಿ. ಆದರೆ ಆ ಪ್ರಭಾವಳಿಯ ಆಕಾರ ಗೊತ್ತಿತ್ತು, ಏಕೆಂದರೆ ಬಿಂದುವಿನಂತಿರುವ ಪ್ರತಿ ನಕ್ಷತ್ರವೂ ಅದನ್ನೇ ತೋರಿಸುತ್ತಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ದೃಗ್ಸಾಧನ ಕೂರಿಸುವವರೆಗೆ ಲೂಸಿಯವರ ಲೆಕ್ಕ ಪ್ರಕಾಶಮಾನ ಕಾಯಗಳ ಚಿತ್ರಗಳನ್ನು ಸಾಕಷ್ಟು ಚೂಪುಗೊಳಿಸಿತು. ಮಂದ ಕಾಯಗಳಿಗೆ ಅದು ಅಷ್ಟಾಗಿ ಒದಗಲಿಲ್ಲ. ಅವುಗಳ ಬೆಳಕು ಹರಡಿ ಗದ್ದಲದಲ್ಲಿ ಮುಳುಗಿತ್ತು.

ಭೂಮಿಯ ಮೇಲೆ ನಕ್ಷತ್ರದ ಬದಲು ಏನು? ಚಿತ್ರದಲ್ಲಿ ಎಲ್ಲಾದರೂ ಒಂದು ಹೊಳೆಯುವ ಬಿಂದು ಇದ್ದರೆ, ಲಾರಿಯ ಮೇಲಿನ ಒಂದು ಮೊಳೆ ಬಿಸಿಲಿಗೆ ಮಿನುಗಿದ್ದರೂ ಆಯಿತು, ಅದು ಎಳೆದ ಗೆರೆಯೇ ಮಸುಕಿನ ಆಕಾರ. ಇಲ್ಲದಿದ್ದರೆ ಲಾರಿಯ ಭಾಗವನ್ನು ಕತ್ತರಿಸಿ ಅದರ ಫೂರಿಯೆ ಚಿತ್ರ ನೋಡಬೇಕು: ಸೊನ್ನೆಗಳು ಸಮಾನ ಅಂತರದ ಕಪ್ಪು ಪಟ್ಟಿಗಳಾಗಿ ಕಾಣುತ್ತವೆ. 512 ಪಿಕ್ಸೆಲ್ ಅಗಲದ ತುಣುಕಿನಲ್ಲಿ ಪಟ್ಟಿಗಳ ಅಂತರ 64 ಬಂದರೆ ಮಸುಕು 8 ಪಿಕ್ಸೆಲ್. ಉದ್ದವನ್ನು ತಪ್ಪಾಗಿ ಹಿಡಿದರೆ ಅದೂ ಗೊತ್ತಾಗುತ್ತದೆ: ಪ್ರತಿ ಅಂಚಿನ ಪಕ್ಕದಲ್ಲಿ ಅದರ ನೆರಳು ಅಂಚುಗಳು ಸಾಲುಗಟ್ಟುತ್ತವೆ.

ಹೊಸಬರು ಹೆಚ್ಚಾಗಿ ಎಡವುವುದು ಇದಕ್ಕಿಂತ ಮುಂಚೆಯೇ. ಸಾಮಾನ್ಯ ಜೆಪೆಗ್ ಫೋಟೊದ ಸಂಖ್ಯೆಗಳು ಬಿದ್ದ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಕಣ್ಣಿಗೆ ಹಿತವಾಗಲೆಂದು ಕ್ಯಾಮೆರಾ ಅವನ್ನು ಬಾಗಿಸಿರುತ್ತದೆ. ಸರಾಸರಿಯಾದದ್ದು ಬೆಳಕು, ಬಾಗಿಸಿದ ಸಂಖ್ಯೆಗಳಲ್ಲ. ಮೊದಲು ಆ ಬಾಗನ್ನು ಬಿಚ್ಚಬೇಕು, ಅಥವಾ ಕಚ್ಚಾ ಫೈಲಿನಿಂದಲೇ ಶುರುಮಾಡಬೇಕು. 255ಕ್ಕೆ ಮುಟ್ಟಿ ನಿಂತ ಹೆಡ್‌ಲೈಟ್ ಇದ್ದರೆ ಅದರ ಸುತ್ತ ಯಾವ ಲೆಕ್ಕವೂ ಕೂಡುವುದಿಲ್ಲ, ಅಲ್ಲಿನ ನಿಜವಾದ ಅಳತೆಯೇ ಕತ್ತರಿಸಿಹೋಗಿದೆ.

ಫೋಕಸ್ ತಪ್ಪಿದ ಮಸುಕಿನದೂ ಇದೇ ಕತೆ, ಆಕಾರ ಮಾತ್ರ ಬೇರೆ. ಪ್ರತಿ ಬಿಂದು ಒಂದು ಸಣ್ಣ ತಟ್ಟೆಯಾಗಿ ಹರಡುತ್ತದೆ, ಸೊನ್ನೆಗಳು ಪಟ್ಟಿಗಳ ಬದಲು ಉಂಗುರಗಳಾಗುತ್ತವೆ. ಇಲ್ಲಿ ಇನ್ನೊಂದು ತೊಡಕಿದೆ. ತಟ್ಟೆಯ ವ್ಯಾಸ ವಸ್ತು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ. ಗೋಡೆಯ ಮೇಲಿನ ನೋಟಿಸು ಚಪ್ಪಟೆ, ಒಂದೇ ತಟ್ಟೆ ಸಾಕು. ಮೂಗು, ಕಿವಿ, ಹಿಂದಿನ ಮರ ಎಲ್ಲ ಇರುವ ಫೋಟೊಕ್ಕೆ ಒಂದೇ ತಟ್ಟೆ ಹಚ್ಚಿದರೆ ಒಂದು ಕಡೆ ಚೂಪು, ಇನ್ನೊಂದು ಕಡೆ ಉಂಗುರಗಳು.

ಬಂದ ಉತ್ತರವನ್ನು ನಂಬುವುದು ಹೇಗೆ? ಅದನ್ನು ಮತ್ತೆ 8 ಪಿಕ್ಸೆಲ್ ಮಸುಕಾಗಿಸಿ ಮೂಲ ಫೋಟೊದಿಂದ ಕಳೆದು ನೋಡಬಹುದು. ಉಳಿದದ್ದರಲ್ಲಿ ಅಕ್ಷರದ ಆಕಾರ ಕಂಡರೆ ಮಸುಕನ್ನು ತಪ್ಪಾಗಿ ಊಹಿಸಿದ್ದೀರಿ. ಬರೀ ಚುಕ್ಕೆಗಳು ಉಳಿದರೆ ಪರೀಕ್ಷೆ ಪಾಸು. ಆದರೂ ಈ ಪರೀಕ್ಷೆಗೆ ಒಂದು ಕುರುಡುತನವಿದೆ: ಸೊನ್ನೆಯಾದ ಅಲೆಗಳ ಜಾಗದಲ್ಲಿ ಏನೇ ತುಂಬಿದ್ದರೂ ಮತ್ತೆ ಮಸುಕಾಗಿಸಿದಾಗ ಅದು ಅಳಿಸಿಹೋಗುತ್ತದೆ, ಪರೀಕ್ಷೆ ಪಾಸೇ ಆಗುತ್ತದೆ. 3 ಮತ್ತು 8ರ ನಡುವಿನ ವ್ಯತ್ಯಾಸ ಎಡಬದಿಯ ಒಂದು ಸಣ್ಣ ಗೆರೆ. ಆ ಗೆರೆಯ ಬಹುಪಾಲು ಇಂಥ ಅಲೆಗಳ ಬಳಿಯಲ್ಲೇ ಇದ್ದರೆ, ಎರಡೂ ಓದು ಫೋಟೊಕ್ಕೆ ಹೆಚ್ಚುಕಮ್ಮಿ ಒಂದೇ ಸಮ ಹೊಂದುತ್ತವೆ. ಇಂಥ ಚಿತ್ರ ತೋರಿಸಿ ಒಬ್ಬನನ್ನು ಕಟಕಟೆಗೆ ಏರಿಸುವವರು, ಅದರ ಜೊತೆ 3 ಎಂದು ಓದಿದ ಲೆಕ್ಕವನ್ನೂ 8 ಎಂದು ಓದಿದ ಲೆಕ್ಕವನ್ನೂ ಪಕ್ಕಪಕ್ಕ ಇಡಬೇಕು ಎಂದು ನನ್ನ ಅಭಿಪ್ರಾಯ.

ಸೊನ್ನೆಗಳೇ ಹುಟ್ಟದಂತೆ ಮಾಡಬಹುದೇ ಎಂದು ಯೋಚಿಸಿದವರು ರಮೇಶ್ ರಸ್ಕರ್, ಅಮಿತ್ ಅಗ್ರವಾಲ್ ಮತ್ತು ಜ್ಯಾಕ್ ಟಂಬ್ಲಿನ್. 2006ರಲ್ಲಿ ಅವರು ತೋರಿಸಿದ ಕ್ಯಾಮೆರಾದಲ್ಲಿ ಶಟರ್ ಒಂದೇ ಸಮನೆ ತೆರೆದಿರುವುದಿಲ್ಲ. ಒಂದು ಫೋಟೊದ ಅವಧಿಯನ್ನು 52 ಚೂರು ಮಾಡಿ, ಆಯ್ದ ಒಂದು ಏರುಪೇರಿನ ಕ್ರಮದಲ್ಲಿ ಕೆಲವದರಲ್ಲಿ ತೆರೆದು ಕೆಲವದರಲ್ಲಿ ಮುಚ್ಚುತ್ತದೆ. ಸರಾಸರಿಗೆ ಸೇರುವ ಪಾಲುಗಳು ಹೀಗೆ ಏರುಪೇರಾದಾಗ ಯಾವ ಅಲೆಯೂ ಪೂರ್ತಿ ಹೊಡೆದುಕೊಂಡು ಹೋಗುವುದಿಲ್ಲ. ಎಲ್ಲವೂ ಒಂದಿಷ್ಟು ಉಳಿಯುತ್ತವೆ, ಉಳಿದದ್ದನ್ನು ಹಿಗ್ಗಿಸಬಹುದು. ತೆತ್ತ ಬೆಲೆ ಅರ್ಧದಷ್ಟು ಬೆಳಕು. ಲಾರಿ ಎಷ್ಟು ಪಿಕ್ಸೆಲ್ ಚಲಿಸಿತೆಂಬುದು ಆಗಲೂ ಗೊತ್ತಿರಬೇಕು.

ವಿಶೇಷ ಶಟರ್ ಇಲ್ಲದವರಿಗೆ ವಿಡಿಯೊ ಇದೆ. ಒಂದು ಫ್ರೇಮಿನಲ್ಲಿ ಮಸುಕು 8 ಪಿಕ್ಸೆಲ್, ಮುಂದಿನದರಲ್ಲಿ ಶಟರ್ ಸ್ವಲ್ಪ ಹೆಚ್ಚು ಹೊತ್ತು ತೆರೆದು 9 ಪಿಕ್ಸೆಲ್ ಆಗುವಂತೆ ಹೊಂದಿಸಿದರೆ, ಮೊದಲನೆಯದರಲ್ಲಿ ಸೊನ್ನೆಯಾದ 4 ಪಿಕ್ಸೆಲ್ ಅಲೆ ಎರಡನೆಯದರಲ್ಲಿ ಕ್ಷೀಣವಾಗಿಯಾದರೂ ಇರುತ್ತದೆ. ಎರಡನ್ನೂ ಒಟ್ಟಿಗೆ ಬಿಡಿಸಿದರೆ ಲಾರಿಯ ಗೆರೆಗಳು ಸಿಗುತ್ತವೆ. ಎಲ್ಲ ಫ್ರೇಮುಗಳಿಗೂ ಒಂದೇ ಶಟರ್ ವೇಗ ಕೂರಿಸಿದ ಕ್ಯಾಮೆರಾದಲ್ಲಿ, ಒಂದೇ ವೇಗದಲ್ಲಿ ಹೋದ ಲಾರಿಯ ನೂರು ಫ್ರೇಮ್ ಇದ್ದರೂ ನೂರರಲ್ಲೂ ಕಾಣೆಯಾಗಿರುವುದು ಅವೇ ಅಲೆಗಳು.