ಶೇಷದ ಜಾಡು ಹಿಡಿದು

1,15,417 ಮತ್ತು 82,079. ಈ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಇವುಗಳ ಮ.ಸಾ.ಅ. ಎಷ್ಟು? 2, 3, 5, 7 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ 46 ಸಲ ಕೈ ಖಾಲಿ. 47ನೆಯ ಸಲ ದಾರಿ ಸಿಗುತ್ತದೆ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಏಳನೆಯ ಭಾಗದಲ್ಲಿ ಬರೆದಿಟ್ಟ ವಿಧಾನಕ್ಕೆ ಐದೇ ಭಾಗಾಕಾರ ಸಾಕು.

ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ದೊಡ್ಡದನ್ನು ಬಿಟ್ಟುಬಿಡಿ, ಚಿಕ್ಕದನ್ನೂ ಶೇಷವನ್ನೂ ಇಟ್ಟುಕೊಂಡು ಮತ್ತೆ ಭಾಗಿಸಿ.

1,15,417 = 82,079 × 1 + 33,338
82,079 = 33,338 × 2 + 15,403
33,338 = 15,403 × 2 + 2,532
15,403 = 2,532 × 6 + 211
2,532 = 211 × 12 + 0

ದೊಡ್ಡ ಸಂಖ್ಯೆಯನ್ನು ಬಿಟ್ಟರೂ ಉತ್ತರ ಕೆಡುವುದಿಲ್ಲ ಏಕೆ? ಮೊದಲ ಸಾಲನ್ನೇ ನೋಡಿ. 1,15,417 ಮತ್ತು 82,079 ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವಾದ 33,338ನ್ನೂ ಭಾಗಿಸಲೇಬೇಕು. ಆದರೆ ಇಷ್ಟಕ್ಕೇ ನಿಂತರೆ ವಾದ ಅರ್ಧ. ಹೊಸ ಜೋಡಿಗೆ ಹಳೆಯ ಜೋಡಿಗಿಲ್ಲದ ಇನ್ನೂ ದೊಡ್ಡ ಸಾಮಾನ್ಯ ಅಪವರ್ತನ ಇರಬಾರದೇಕೆ? ಅದಕ್ಕೆ ಹಿಂದಿನಿಂದಲೂ ನೋಡಬೇಕು: 82,079 ಮತ್ತು 33,338ನ್ನು ಭಾಗಿಸುವುದು ಅವುಗಳ ಮೊತ್ತವಾದ 1,15,417ನ್ನೂ ಭಾಗಿಸುತ್ತದೆ. ಹಾಗಾಗಿ ಹಳೆಯ ಜೋಡಿಯ ಸಾಮಾನ್ಯ ಅಪವರ್ತನಗಳೇ ಹೊಸ ಜೋಡಿಯವೂ ಆಗಿವೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮುಂದಿನ ಸಾಲುಗಳಲ್ಲಿ ಚಿಕ್ಕದರ ಎರಡು ಪಟ್ಟು, ಆರು ಪಟ್ಟು ಕಳೆಯುತ್ತೇವೆ. ವಾದ ಮಾತ್ರ ಅದೇ.

ಶೇಷ ಯಾವಾಗಲೂ ಭಾಜಕಕ್ಕಿಂತ ಚಿಕ್ಕದು. ಪ್ರತಿ ಹೆಜ್ಜೆಗೂ ಇಳಿಯುವ ಪೂರ್ಣಸಂಖ್ಯೆ ಕೊನೆಗೆ ಸೊನ್ನೆ ಮುಟ್ಟಲೇಬೇಕು. ಕೊನೆಯ ಸಾಲಿನಲ್ಲಿ 211 ತಾನೇ 2,532ನ್ನು ಭಾಗಿಸಿತು. ತನಗಿಂತ ದೊಡ್ಡ ಸಂಖ್ಯೆ 211ನ್ನು ಭಾಗಿಸಲಾರದು. ಆದ್ದರಿಂದ ಉತ್ತರ 211. ಅವಸರದಲ್ಲಿ ಕೊನೆಯ ಭಾಗಲಬ್ಧ 12ನ್ನೇ ಉತ್ತರವೆಂದು ಬರೆಯುವುದುಂಟು. ಕೊಟ್ಟ ಸಂಖ್ಯೆಗಳೆರಡೂ ಬೆಸ, ಅವನ್ನು 12 ಭಾಗಿಸಲಾರದು ಎಂಬುದನ್ನು ಗಮನಿಸಿದರೆ ತಪ್ಪು ತಿಳಿಯುತ್ತದೆ.

ನಡುವೆ ಎಲ್ಲೋ ಕಳೆಯುವಾಗ ತಪ್ಪಿದ್ದರೆ? 211ರಿಂದ ಎರಡನ್ನೂ ಭಾಗಿಸಿದರೆ 547, 389 ಬರುತ್ತವೆ. ಇದರಿಂದ 211 ಸಾಮಾನ್ಯ ಅಪವರ್ತನ ಎಂದಷ್ಟೇ ಗೊತ್ತಾಯಿತು, ಅತಿ ದೊಡ್ಡದೆಂದಲ್ಲ. ನನಗೆ ಬಹಳ ಇಷ್ಟವಾದ ಭಾಗ ಇಲ್ಲಿಂದಲೇ ಶುರು. ನಾಲ್ಕನೆಯ ಸಾಲಿನ ಪ್ರಕಾರ 211 ಎಂದರೆ 15,403ರಿಂದ 2,532ರ ಆರು ಪಟ್ಟು ಕಳೆದದ್ದು. ಆ 2,532ರ ಜಾಗದಲ್ಲಿ ಮೂರನೆಯ ಸಾಲಿನಿಂದ ಅದರ ಬೆಲೆ ಇಡಿ. ಹೀಗೇ ಮೇಲಕ್ಕೆ ಹತ್ತುತ್ತ ಹೋದರೆ ಕೊನೆಗೆ ಉಳಿಯುವುದು ಇದು:

82,079 × 45 − 1,15,417 × 32 = 211

ಎರಡನ್ನೂ ಭಾಗಿಸುವ ಯಾವುದೇ ಸಂಖ್ಯೆ ಎಡಬದಿಯನ್ನು ಭಾಗಿಸುತ್ತದೆ, ಹಾಗಾಗಿ 211ನ್ನೂ ಭಾಗಿಸುತ್ತದೆ. ಅದಕ್ಕಿಂತ ದೊಡ್ಡದಾಗಿರಲು ಅದಕ್ಕೆ ಸಾಧ್ಯವೇ ಇಲ್ಲ. ಐದು ಸಾಲುಗಳನ್ನು ನಂಬದವರೂ ಗುಣಿಸಿ ನೋಡಬಹುದು: 36,93,555ರಿಂದ 36,93,344 ಕಳೆದರೆ ಉಳಿಯುವುದು 211.