ಬಾಡಿಗೆ ಎಷ್ಟು, ನೀರಿಗೆ ಎಷ್ಟು?

ಬೆಂಗಳೂರಲ್ಲೊಂದು ಮನೆ. "ಎಲ್ಲಾ ಸೇರಿ ತಿಂಗಳಿಗೆ 22,500" ಅಂತಾರೆ ಓನರ್. ಕೇಳೋಕೆ ಸಲೀಸು. ಆದರೆ ಮುಂದಿನ ವರ್ಷ ಶೇಕಡಾ 5 ಏರಿಸೋದು ಯಾವುದರ ಮೇಲೆ? ಒಟ್ಟು ಮೊತ್ತದ ಮೇಲಾದರೆ 1,125 ರೂಪಾಯಿ. ಬರೀ ಬಾಡಿಗೆ 18,000 ಅಂತ ಬರೆದಿದ್ದರೆ 900.

ಅದಕ್ಕೇ ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಹೀಗೆ ಬರೀರಿ. ವಾಟ್ಸಾಪ್ ಆದರೂ ಸರಿ.

"ಸರ್, ಬಾಡಿಗೆ, ಮೇಂಟೆನೆನ್ಸ್, ನೀರು ಬೇರೆ ಬೇರೆ ಎಷ್ಟೆಷ್ಟು ಅಂತ ದಯವಿಟ್ಟು ಬರೆದು ಕೊಡಿ. ಟ್ಯಾಂಕರ್ ತರಿಸಿದರೆ ಖರ್ಚು ಹಂಚೋದು ಮನೆ ಲೆಕ್ಕದಲ್ಲೋ, ತಲೆ ಲೆಕ್ಕದಲ್ಲೋ? ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡೀತೀರಿ, ಉಳಿದದ್ದು ಎಷ್ಟು ದಿನದಲ್ಲಿ ವಾಪಸ್?"

ಟ್ಯಾಂಕರ್ ಪ್ರಶ್ನೆ ಮಾತ್ರ ಬಿಡಬೇಡಿ. ಇಬ್ಬರಿರೋ ಮನೆಗೂ ಆರು ಜನರಿರೋ ಮನೆಗೂ ಒಂದೇ ಪಾಲು ಬಿದ್ದಾಗಲೇ ಬೇಸಿಗೆ ಜಗಳ ಶುರು. ಉತ್ತರ ಬಂತಾ? ಅದೇ ಅಂಕಿಗಳು ಅಗ್ರಿಮೆಂಟ್‌ನಲ್ಲೂ ಇವೆಯಾ ನೋಡಿ, ಆಮೇಲೆ ಸಹಿ ಹಾಕಿ.